ಲೇಔಟ್ ಹೋರ್ಡಿಂಗ್‌ಗೆ ಏಳು ಪದದೊಳಗಿನ ಸಾಲು ಬರೆಯುವುದು ಹೇಗೆ? ಅಕ್ಷರ ಎಣಿಸಿ ಶುರು ಮಾಡಿ

ಚೌತಿ ಮುಗಿದು ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ಥರದವು. ಕಾರವಾರದಿಂದ ಭಟ್ಕಳದವರೆಗೆ ಎಲ್ಲೋ ಯಾರೋ ಲೇಔಟ್ ಮಾಡಿರುತ್ತಾರೆ, ಹೆದ್ದಾರಿ ಬದಿಗೆ ಹೋರ್ಡಿಂಗ್ ಹಾಕಬೇಕಾಗಿರುತ್ತದೆ. "ಏಳು ಪದದ ಒಳಗೇ ಇರಬೇಕಂತಲ್ಲ ಮಾರಾಯ್ರೆ, ಹೇಗೆ ಬರಿಯೂದು?" ಎಂಬುದು ಪ್ರಶ್ನೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು, ಲೇಔಟ್ ಮಾಲೀಕರು, ಮಾಲೀಕರ ಮಗ ಎಂಬ ಕಾರಣಕ್ಕೆ ಈ ಕೆಲಸ ತಲೆಮೇಲೆ ಬಿದ್ದವರು, ಎಲ್ಲರಿಗೂ ಇದು ಸಾಕಾಗಬೇಕು.

ಏಳು ಪದ ಎಂಬ ಲೆಕ್ಕ ಇಂಗ್ಲಿಷ್ ಜಾಹೀರಾತಿನವರಿಂದ ಬಂದದ್ದು. ಅವರ ಭಾಷೆಯಲ್ಲಿ ಪದಗಳು ಗಿಡ್ಡ, ನಾವು ವಿಭಕ್ತಿ ಅಂಟಿಸಿ ಹೇಳುವುದನ್ನು ಅವರು ಬೇರೆ ಬೇರೆ ಪದವಾಗಿ ಬರೆಯುತ್ತಾರೆ. ಅವರ ನಾಲ್ಕೈದು ಪದ ನಮ್ಮಲ್ಲಿ ಒಂದೇ ಪದದ ಹೊಟ್ಟೆಗೆ ಹೋಗುತ್ತದೆ. ‘ಸಮುದ್ರತೀರದಲ್ಲಿರುವಂಥ’ ಎಂದು ಬರೆದರೆ ಒಂದೇ ಪದ, ಆದರೆ ಹತ್ತು ಅಕ್ಷರ. ಇಂಥ ಏಳು ಪದ ಹಾಕಿದರೆ ಬಸ್ಸು ನಿಲ್ಲಿಸಿ ಓದಬೇಕಾಗುತ್ತದೆ. ಹಾಗಾಗಿ ಏಳು ಪದದ ಮಿತಿಯನ್ನು ಇಟ್ಟುಕೊಳ್ಳಿ, ಆದರೆ ಅದರ ಜೊತೆ ಅಕ್ಷರದ ಮಿತಿಯನ್ನೂ ಹಾಕಿಕೊಳ್ಳಿ. ಆ ಮಿತಿ ಎಷ್ಟು ಎಂದು ತಿಳಿಯಲು ರಸ್ತೆಗೆ ಹೋಗಬೇಕು.

ಉದಾಹರಣೆಗೆ ಕುಮಟಾದಿಂದ ದಕ್ಷಿಣಕ್ಕೆ, ಹೆದ್ದಾರಿ 66ರಿಂದ ಪಶ್ಚಿಮಕ್ಕೆ 600 ಮೀಟರ್ ಒಳಗಿದ್ದ ಒಂದು ಲೇಔಟನ್ನು ತೆಗೆದುಕೊಳ್ಳುತ್ತೇನೆ. ಹೆಸರು ಬೇಡ. ಚಿರೆಕಲ್ಲಿನ ದಿಬ್ಬದ ಮೇಲೆ 42 ಸೈಟು. ಫಲಕ 20 ಅಡಿ ಅಗಲ, 10 ಅಡಿ ಎತ್ತರ. ಮಾಲೀಕರು ಬಂದದ್ದು ಏಪ್ರಿಲ್‌ನಲ್ಲಿ.

ಮೊದಲು ಕೈಯಲ್ಲಿರಬೇಕಾದದ್ದು

ಪೆನ್ನು ಹಿಡಿಯುವ ಮೊದಲು ರೇರಾ ನೋಂದಣಿ ಸಂಖ್ಯೆ ಕೇಳಿ. ರೇರಾ ಎಂದರೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಜಾಗ 500 ಚದರ ಮೀಟರ್ ಮೀರಿದ್ದರೆ, ಅಥವಾ ಫ್ಲ್ಯಾಟುಗಳಾದರೆ ಎಂಟಕ್ಕಿಂತ ಹೆಚ್ಚಿದ್ದರೆ, ನೋಂದಣಿ ಆಗುವ ಮೊದಲು ಮಾರುವಂತಿಲ್ಲ. ಅಷ್ಟೇ ಅಲ್ಲ, ಜಾಹೀರಾತು ಕೂಡ ಕೊಡುವಂತಿಲ್ಲ. "ಶೀಘ್ರದಲ್ಲೇ ಬರಲಿದೆ ಅಂತ ಮಾತ್ರ ಹಾಕಿ, ಸೈಟು ಅಂತ ಹಾಕೂದು ಬೇಡ" ಎಂದು ಬರುವವರಿದ್ದಾರೆ. ಅದೂ ಜಾಹೀರಾತೇ. ನೋಂದಣಿ ಇಲ್ಲದೆ ಹಾಕಿದ್ದಕ್ಕೆ ದಂಡ ಯೋಜನೆಯ ಅಂದಾಜು ವೆಚ್ಚದ ಶೇ. 10ರ ತನಕ ಹೋಗಬಹುದು.

ಫಲಕದ ಮೇಲೆ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ, ಎರಡೂ ಎದ್ದು ಕಾಣುವ ಹಾಗೆ ಇರಬೇಕು. ಕರ್ನಾಟಕದ ಸಂಖ್ಯೆ `PRM/KA/RERA` ಎಂದು ಶುರುವಾಗಿ ಬಹಳ ಉದ್ದ ಹೋಗುತ್ತದೆ, ವಿಳಾಸ `rera.karnataka.gov.in`. ಇವೆರಡಕ್ಕೆ ಫಲಕದ ಕೆಳಗಡೆ ಒಂದೂವರೆ ಅಡಿಯ ಪಟ್ಟಿಯನ್ನು ಮೊದಲೇ ಕೊಯ್ದು ಇಟ್ಟುಬಿಡಿ. ಇದು ಏಳು ಪದದ ಲೆಕ್ಕಕ್ಕೆ ಬರುವುದಿಲ್ಲ, ನಿಂತು ನೋಡುವವರಿಗಾಗಿ ಇರುವಂಥದ್ದು. ಸಾಲು ಬರೆದಾದ ಮೇಲೆ ಜಾಗ ಹುಡುಕಲು ಹೋದರೆ ಸಾಲಿನ ಕುತ್ತಿಗೆ ಹಿಸುಕಬೇಕಾಗುತ್ತದೆ.

ಹಾಗೆಯೇ ಹೋರ್ಡಿಂಗ್ ನಿಲ್ಲುವ ಜಾಗ ಹೆದ್ದಾರಿಯ ಸ್ವಂತ ಜಾಗದ ಹೊರಗಿದೆಯೇ, ಪುರಸಭೆ ಅಥವಾ ಪಂಚಾಯ್ತಿಯ ಅನುಮತಿ ಇದೆಯೇ ಎಂದು ಒಮ್ಮೆ ಕೇಳಿ. ಅದು ನಿಮ್ಮ ಕೆಲಸ ಅಲ್ಲ ನಿಜ. ಆದರೆ ಫಲಕವನ್ನು ಕಿತ್ತು ಲಾರಿಗೆ ಹಾಕಿಕೊಂಡು ಹೋದರೆ ಸಾಲು ಎಷ್ಟು ಚೆಂದ ಇದ್ದರೂ ಅಷ್ಟೇ.

ಹಂತ 1: ತಿರುವಿನಲ್ಲಿ ನಿಂತು ಸೆಕೆಂಡು ಎಣಿಸಿ

ಬೈಕು ತೆಗೆದುಕೊಂಡು ಜಾಗಕ್ಕೆ ಹೋಗಿ. ಫಲಕ ಮೊದಲು ಕಣ್ಣಿಗೆ ಬೀಳುವುದು ಎಲ್ಲಿಂದ ಎಂದು ನೋಡಿ, ಅಲ್ಲಿಂದ ಫಲಕದ ಬುಡದವರೆಗೆ ಅಳೆಯಿರಿ. ನಮ್ಮ ಕರಾವಳಿಯಲ್ಲಿ ಬಯಲುಸೀಮೆಯ ಹಾಗೆ ಮೈಲಿ ದೂರದಿಂದ ಕಾಣುವ ರಸ್ತೆ ಕಡಿಮೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತೆಂಗಿನ ತೋಟ, ನಡುವೆ ತಿರುವು. ನಮ್ಮ ಉದಾಹರಣೆಯಲ್ಲಿ ಹೊನ್ನಾವರ ಕಡೆಯಿಂದ ಬರುವವರಿಗೆ ಫಲಕ ಕಾಣುತ್ತಿದ್ದದ್ದು 120 ಮೀಟರ್ ದೂರದ ತಿರುವಿನಿಂದ.

ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. 120 ಮೀಟರ್ ಅಂದರೆ ಏಳು ಸೆಕೆಂಡು. ಈ ಏಳೂ ನಿಮ್ಮವಲ್ಲ. ಮೊದಲ ಕೆಲವು ಸೆಕೆಂಡು ‘ಅಲ್ಲೇನೋ ಬೋರ್ಡು ಇದೆ’ ಎಂದಷ್ಟೇ ಕಾಣುತ್ತದೆ, ಅಕ್ಷರ ಬಿಡಿಯಾಗಿ ಕಾಣುವುದಿಲ್ಲ. ಕೊನೆಯ ಇಪ್ಪತ್ತು ಮೀಟರಿನಲ್ಲಿ ಫಲಕ ಕಿಟಕಿಯ ಬದಿಗೆ ಸರಿದುಬಿಟ್ಟಿರುತ್ತದೆ. ನಡುವೆ ಎದುರಿನಿಂದ ಲಾರಿ ಬಂದರೆ ಚಾಲಕನ ಕಣ್ಣು ರಸ್ತೆಗೆ ಹೋಗುತ್ತದೆ, ಹೋಗಲೇಬೇಕು. ಉಳಿಯುವುದು ಮೂರು ಸೆಕೆಂಡು ಎಂದು ಇಟ್ಟುಕೊಳ್ಳಿ. ಸ್ಕೂಟರಿನ ಹಿಂದೆ ಕೂತವರಿಗೆ, ಬಸ್ಸಿನ ಕಿಟಕಿಯವರಿಗೆ ಸ್ವಲ್ಪ ಹೆಚ್ಚು ಸಿಗಬಹುದು, ಆದರೆ ಬರೆಯುವಾಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೂರನ್ನೇ.

ಇದೇ ಫಲಕ ಶಿರಸಿ ಪೇಟೆಯೊಳಗೆ ನಾಲ್ಕು ರಸ್ತೆ ಸೇರುವಲ್ಲಿ ಇದ್ದರೆ ಜನ ನಿಂತು ನೋಡುತ್ತಾರೆ, ಸಮಯ ಇರುತ್ತದೆ. ಆಗಲೂ ಉದ್ದ ಬರೆಯಬೇಕೆಂದಿಲ್ಲ, ಆದರೆ ಈ ಕಟ್ಟುನಿಟ್ಟು ಅಲ್ಲಿಗೆ ಬೇಡ.

ಹಂತ 2: ಸಾಲಿಗೆ ಎಷ್ಟು ಅಕ್ಷರ ಎಂದು ಲೆಕ್ಕ ಹಾಕಿ

ಹೋರ್ಡಿಂಗ್ ಕೆಲಸದವರ ಹಳೆಯ ಅಂದಾಜು ಒಂದಿದೆ: ಒಂದು ಇಂಚು ಎತ್ತರದ ಅಕ್ಷರ ಹತ್ತು ಅಡಿ ದೂರದಿಂದ ಸಲೀಸಾಗಿ ಓದಿಸಿಕೊಳ್ಳುತ್ತದೆ. ಅದಕ್ಕಿಂತ ದೂರದಿಂದಲೂ ಕಷ್ಟಪಟ್ಟು ಓದಬಹುದು, ಆದರೆ ಹೆದ್ದಾರಿಯಲ್ಲಿ ಯಾರೂ ಕಷ್ಟಪಡುವುದಿಲ್ಲ.

ಇಲ್ಲಿ ಕನ್ನಡಕ್ಕೆ ಒಂದು ತೊಡಕಿದೆ. ಇಂಗ್ಲಿಷಿನ ದೊಡ್ಡಕ್ಷರ ಒಂದು ಡಬ್ಬಿಯೊಳಗೆ ಕೂರುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು. ಇವಕ್ಕೆಲ್ಲ ಜಾಗ ಬಿಟ್ಟಾಗ ಮೂರು ಅಡಿ ಎತ್ತರದ ಸಾಲಿನಲ್ಲಿ ಅಕ್ಷರದ ಮೈ ಉಳಿಯುವುದು ಒಂದೂವರೆ ಅಡಿ. ಓದಲು ಬೇಕಾದದ್ದು ಈ ಮೈ. ಹಾಗಾಗಿ ಅಂಗಡಿಯವರು "ಮೂರಡಿ ಅಕ್ಷರ ಹಾಕಿದ್ದೇವೆ" ಎಂದರೆ ಮೈ ಎಷ್ಟು ಎಂದು ಕೇಳಿ. ಒಂದೂವರೆ ಅಡಿ ಎಂದರೆ 18 ಇಂಚು, ಅಂದರೆ ಸಲೀಸಾಗಿ ಓದಲು 180 ಅಡಿ, ಸುಮಾರು 55 ಮೀಟರ್. 60 ಕಿ.ಮೀ. ವೇಗದಲ್ಲಿ ಇದನ್ನು ದಾಟಲು ಮೂರು ಸೆಕೆಂಡು ಮತ್ತೊಂದು ಚೂರು. ಹಂತ 1ರ ಲೆಕ್ಕಕ್ಕೆ ಸರಿ ಹೊಂದಿತು.

ಈಗ ಅಗಲ. 20 ಅಡಿಯಲ್ಲಿ ಎರಡು ಬದಿಗೆ ಒಂದೊಂದು ಅಡಿ ಬಿಟ್ಟರೆ 18. ಕನ್ನಡದ ಅಕ್ಷರ ದುಂಡಗೆ, ಅಗಲವೂ ಎತ್ತರದಷ್ಟೇ, ತುಸು ಹೆಚ್ಚೇ ಬೇಕು. ಒಂದಕ್ಕೆ 1.6 ಅಡಿ ಹಿಡಿದರೆ ಸಾಲಿಗೆ 11 ಅಕ್ಷರ. ಪದಗಳ ನಡುವಿನ ಖಾಲಿ ಜಾಗ ಕಳೆದರೆ 10. ಎರಡು ಸಾಲಿಗೆ 20. ಇದು ಈ ಫಲಕದ ಮಿತಿ, ನಿಮ್ಮ ಫಲಕಕ್ಕೆ ನೀವೇ ಹೀಗೆ ಲೆಕ್ಕ ಹಾಕಿಕೊಳ್ಳಿ. ಎಣಿಸುವಾಗ ‘ಲ್ಲೂ’, ‘ತಿಂ’, ‘ಕ್ಕೆ’ ಇವೆಲ್ಲ ಒಂದೊಂದೇ ಅಕ್ಷರ.

ಮಾಲೀಕರು ಬರೆದು ತಂದ ಸಾಲು ಹೀಗಿತ್ತು:

> ಪ್ರಕೃತಿಯ ಮಡಿಲಲ್ಲಿ ಸಕಲ ಸೌಲಭ್ಯಗಳುಳ್ಳ ನಿಮ್ಮ ಕನಸಿನ ಮನೆ

"ಎಣಿಸಿ ನೋಡಿ, ಸರಿಯಾಗಿ ಏಳೇ ಪದ" ಎಂದರು. ಹೌದು, ಏಳೇ. ಅಕ್ಷರ 25. ಅದರಲ್ಲಿ ಐದು ಒತ್ತಕ್ಷರ, ಸಾಲದ್ದಕ್ಕೆ ‘ಕೃ’ ಬೇರೆ. ‘ಸೌಲಭ್ಯಗಳುಳ್ಳ’ ಎಂಬಲ್ಲಿ ಓದುವವನ ಕಣ್ಣು ಮುಗ್ಗರಿಸುತ್ತದೆ, ಅಷ್ಟರಲ್ಲಿ ಫಲಕ ಹಿಂದೆ ಹೋಗಿರುತ್ತದೆ. ಇನ್ನು ಆ ಸಾಲಿನಲ್ಲಿ ಹೇಳಿದ್ದೇನು ಎಂದರೆ ಏನೂ ಇಲ್ಲ, ಅದು ಹಂತ 3ರ ವಿಷಯ.

ಒತ್ತಿಲ್ಲದ ಪದ ಹುಡುಕುವುದು ಒಂದು ಅಭ್ಯಾಸ. ‘ನಿವೇಶನ’ಕ್ಕೆ ನಾಲ್ಕು ಅಕ್ಷರ, ‘ಸೈಟು’ ಎರಡೇ, ಅಲ್ಲದೆ ನಿವೇಶನ ಎಂದು ಪತ್ರದಲ್ಲಿ ಬರೆಯುವವರು ಕೂಡ ಬಾಯಲ್ಲಿ ಸೈಟು ಎಂದೇ ಹೇಳುವುದು. ‘ಸಮುದ್ರ’ದ ಬದಲು ‘ಕಡಲು’. ಕಾರವಾರ, ಅಂಕೋಲಾ ಕಡೆ ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು ಬಹಳ. ಅವರಿಗೆ ‘ಸಮುಚ್ಚಯ’, ‘ಸುಸಜ್ಜಿತ’ ಇವೆಲ್ಲ ಓದಬಹುದಾದ ಪದಗಳೇ, ಆದರೆ ಮೂರು ಸೆಕೆಂಡಿನಲ್ಲಿ ಅಲ್ಲ.

*ಎಚ್ಚರಿಕೆ:* ಪ ಮತ್ತು ಫ, ದ ಮತ್ತು ಧ, ಬ ಮತ್ತು ಭ. ಈ ಜೋಡಿಗಳಲ್ಲಿ ವ್ಯತ್ಯಾಸ ಇರುವುದು ಒಂದು ಸಣ್ಣ ಸೀಳಿನಲ್ಲಿ, ದಪ್ಪ ಫಾಂಟಿನಲ್ಲಿ ಆ ಸೀಳು ಮುಚ್ಚಿಯೇ ಹೋಗುತ್ತದೆ. ಒಮ್ಮೆ ನಾನು ‘ಪ್ಲಾಟ್ ಮಾರಾಟಕ್ಕಿದೆ’ ಎಂದು ಬರೆದುಕೊಟ್ಟೆ. ಎರಡು ವಾರ ಮಾಲೀಕರಿಗೆ ಬಂದ ಫೋನುಗಳಲ್ಲಿ ಸುಮಾರು ಜನ ಕೇಳಿದ್ದು "ಎಷ್ಟನೇ ಮಹಡಿ?" ಎಂದು. ಅವರೆಲ್ಲ ಓದಿದ್ದು ‘ಫ್ಲಾಟ್’. ಅಲ್ಲಿಂದೀಚೆ ಪ್ಲಾಟ್ ಎಂಬ ಪದ ನಾನು ಫಲಕಕ್ಕೆ ಹಾಕಿಲ್ಲ.

ಹಂತ 3: ಪಕ್ಕದ ಲೇಔಟಿನವರು ಹೇಳಲಾಗದ್ದನ್ನು ಹುಡುಕಿ

ಮಾಲೀಕರನ್ನು ಕೂರಿಸಿ, ಜಾಗದ ಬಗ್ಗೆ ಇರುವುದನ್ನೆಲ್ಲ ಹೇಳಿಸಿ ಬರೆದುಕೊಳ್ಳಿ. ಇವರು ಹೇಳಿದ್ದು: ಭೂಪರಿವರ್ತನೆ ಆಗಿದೆ (ಅಂದರೆ ಕೃಷಿ ಜಮೀನನ್ನು ಮನೆ ಕಟ್ಟಲು ಸರ್ಕಾರಿ ಆದೇಶದಿಂದ ಬದಲಿಸಿದ್ದು), ಕರೆಂಟು ಬಂದಿದೆ, ಬ್ಯಾಂಕ್ ಸಾಲ ಸಿಗುತ್ತದೆ, ಹೆದ್ದಾರಿ ಹತ್ತಿರ, ಕಡಲ ಗಾಳಿ ಬರುತ್ತದೆ, ಸುತ್ತ ತೆಂಗು, ಬಾವಿ ಇದೆ.

ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಮುಂದಿನ ಕಿಲೋಮೀಟರಿನ ಲೇಔಟಿನವರು ಇದೇ ಮಾತು ಬರೆಯಬಹುದೇ? ಭೂಪರಿವರ್ತನೆ ಆಗದೆ ಸೈಟು ಮಾರುವಂತೆಯೇ ಇಲ್ಲ, ಅದನ್ನು ದೊಡ್ಡದಾಗಿ ಬರೆಯುವುದು ‘ನಮ್ಮ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತೇವೆ’ ಎಂದ ಹಾಗೆ. ಕರೆಂಟು, ಸಾಲ, ಗಾಳಿ, ತೆಂಗು ಎಲ್ಲರ ಬಳಿಯೂ ಇದೆ. ಹೆದ್ದಾರಿ ಬದಿಯ ಫಲಕದ ಮೇಲೆ ಹೆದ್ದಾರಿ ಹತ್ತಿರ ಎಂದು ಹೇಳುವ ಅಗತ್ಯವೂ ಇಲ್ಲ.

ಉಳಿದದ್ದು ಬಾವಿ. "ಬಾವಿ ಎಲ್ಲರ ಹತ್ರನೂ ಇದ್ಯಲ್ಲ?" ಎಂದು ಕೇಳಿದೆ. "ಇದ್ದು ಏನು ಬಂತು, ಮಾರ್ಚ್ ಬಂದ್ರೆ ಉಪ್ಪು. ನಮ್ದು ಮೇ ತಿಂಗಳಲ್ಲೂ ಸಿಹಿ" ಎಂದರು. ಅವರಿಗೆ ಅದು ಹೇಳುವಂಥ ವಿಷಯ ಎಂದೇ ಅನ್ನಿಸಿರಲಿಲ್ಲ.

ನಮ್ಮ ಕಡೆಯವರಿಗೆ ಇದರ ತೂಕ ಗೊತ್ತು. ನಾಲ್ಕು ತಿಂಗಳಲ್ಲಿ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿದರೂ ಚಿರೆಕಲ್ಲು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಇಳಿದು ಹೋಗುತ್ತದೆ. ಬೇಸಿಗೆಯಲ್ಲಿ ಅಂತರ್ಜಲ ಕೆಳಗಿಳಿದಾಗ ಕಡಲಿನ, ಅಳಿವೆಯ ಉಪ್ಪುನೀರು ಒಳಗೊಳಗೇ ಬಾವಿಯ ಕಡೆಗೆ ಸರಿಯುತ್ತದೆ. ಅಘನಾಶಿನಿ, ಶರಾವತಿಯ ಅಳಿವೆಗಳ ಆಸುಪಾಸಿನಲ್ಲಿ ತುಂಬಿದ ಬಾವಿ ಎದುರಿಗಿದ್ದೂ ಟ್ಯಾಂಕರಿಗೆ ಕಾಯುವ ಮನೆಗಳಿವೆ. ಸೈಟು ಕೊಳ್ಳಲು ಬಂದವರು ಮೊದಲು ಕೇಳುವುದು ‘ನೀರು ಹೇಗೆ?’ ಎಂದು. ಕೊಳ್ಳುವವರ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇದ್ದರೆ ಅದೇ ನಿಮ್ಮ ಸಾಲು.

ಶಿರಸಿಯಲ್ಲಿ ಮೊದಲ ಪ್ರಶ್ನೆ ಬೇರೆ. ಅಲ್ಲಿ ಪೇಟೆಯ ಸೈಟು ಕೊಳ್ಳುವವರಲ್ಲಿ ಹಳ್ಳಿಯಲ್ಲಿ ಅಡಿಕೆ ತೋಟ ಇದ್ದು, ಮಕ್ಕಳ ಶಾಲೆಗೋ ವಯಸ್ಸಾದವರ ಆಸ್ಪತ್ರೆಗೋ ಪೇಟೆಯಲ್ಲೊಂದು ಮನೆ ಬೇಕೆನ್ನುವವರು ಬಹಳ. ಅವರ ಅಳುಕು ಏನೆಂದರೆ ತೋಟ ಬಿಟ್ಟು ಬಂದ ಹಾಗಾಗುತ್ತದೆಯೇ ಎಂಬುದು. ‘ತೋಟ ಊರಲ್ಲಿ, ಮನೆ ಶಿರಸಿಯಲ್ಲಿ’ ಎಂದು ನಾಲ್ಕು ಪದ, 12 ಅಕ್ಷರದಲ್ಲಿ ಬರೆದರೆ ಅವರಿಗೆ ತಲುಪುತ್ತದೆ. ಅದೇ ಸಾಲನ್ನು ಕುಮಟಾದಲ್ಲಿ ಹಾಕಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಹಂತ 4: ಬರೆಯಿರಿ, ಆಮೇಲೆ ಸಾಲು ಮುರಿಯಿರಿ

ಮೊದಲ ಪ್ರಯತ್ನ:

> ಈ ಲೇಔಟಿನ ಬಾವಿಯಲ್ಲಿ ಬೇಸಿಗೆಯಲ್ಲೂ ಉಪ್ಪುನೀರು ಬರುವುದಿಲ್ಲ

ಆರು ಪದ, 23 ಅಕ್ಷರ, ನಾಲ್ಕು ಒತ್ತು. ಉದ್ದದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ‘ಇಲ್ಲ’. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಗಳೆಯುವುದೂ ಅಲ್ಲೇ. ಲಾರಿ ಅಡ್ಡ ಬಂದು ಕೊನೆಯ ಪದ ತಪ್ಪಿದರೆ ಓದುವವನ ಕೈಗೆ ಸಿಗುವುದು ‘ಬಾವಿಯಲ್ಲಿ ಬೇಸಿಗೆಯಲ್ಲೂ ಉಪ್ಪುನೀರು’. ಮಾಲೀಕರ ದುಡ್ಡಿನಲ್ಲಿ ಮಾಲೀಕರ ಬಾವಿಗೇ ಕೆಟ್ಟ ಹೆಸರು. ಫಲಕದ ಸಾಲಿನಲ್ಲಿ ಇಲ್ಲ, ಬೇಡ, ಆಗದು ಇವನ್ನು ಬಿಟ್ಟುಬಿಡಿ.

ಎರಡನೆಯದು: ‘ಬೇಸಿಗೆಯಲ್ಲೂ ಸಿಹಿನೀರಿನ ಬಾವಿ’. ಮೂರು ಪದ, 12 ಅಕ್ಷರ. ಚೆನ್ನಾಗಿದೆ. ಆದರೆ ಬೇಸಿಗೆ ಎಂದರೆ ಫೆಬ್ರವರಿಯೂ ಬೇಸಿಗೆಯೇ, ಆಗ ಎಷ್ಟೋ ಬಾವಿ ಸಿಹಿಯಾಗಿಯೇ ಇರುತ್ತದೆ. ಮಾಲೀಕರ ಬಾಯಲ್ಲಿ ಬಂದ ‘ಮೇ ತಿಂಗಳು’ ಎಂಬುದರಲ್ಲಿರುವ ಗಟ್ಟಿತನ ಇಲ್ಲಿಲ್ಲ. ಸಾಲು ಎಷ್ಟೋ ಸಲ ಮಾಲೀಕರ ಮಾತಿನಲ್ಲೇ ಬಿದ್ದಿರುತ್ತದೆ, ಅವರು ಬರೆದು ತಂದ ಕಾಗದದಲ್ಲಿ ಮಾತ್ರ ಇರುವುದಿಲ್ಲ.

ಮೂರನೆಯದು: ‘ಮೇ ತಿಂಗಳಲ್ಲೂ ಬಾವಿ ನೀರು ಸಿಹಿ’. ಐದು ಪದ, 11 ಅಕ್ಷರ, ಒಂದೇ ಒತ್ತು. ಇದನ್ನು ಎರಡು ಸಾಲಿಗೆ ಒಡೆದಾಗ ಒಂದು ತೊಂದರೆ ಕಂಡಿತು. ಮೇಲಿನ ಸಾಲಿನ ‘ಲ್ಲೂ’ ಎಂಬುದರ ಒತ್ತು ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ‘ವಿ’, ‘ನೀ’, ‘ಸಿ’, ‘ಹಿ’ಗಳ ಗುಡಿಸು ಮೇಲೆ ಏರುತ್ತದೆ. ನಡುವೆ ಡಿಕ್ಕಿ. ಡಿಕ್ಕಿ ತಪ್ಪಿಸಲು ಅಕ್ಷರ ಚಿಕ್ಕದು ಮಾಡಬೇಕು. ಒತ್ತು ಇರುವ ಭಾಗವನ್ನು ಕೆಳಗಿನ ಸಾಲಿಗೆ ತಂದರೆ ಆ ಗೋಜೇ ಇಲ್ಲ:

> ಬಾವಿ ನೀರು ಸಿಹಿ,
> ಮೇ ತಿಂಗಳಲ್ಲೂ

ಮೇಲೆ ಆರು ಅಕ್ಷರ, ಒತ್ತೇ ಇಲ್ಲ. ಕೆಳಗೆ ಐದು. ಅಗಲದಲ್ಲಿ ಜಾಗ ಉಳಿದದ್ದರಿಂದ ಅಕ್ಷರದ ಮೈ ಒಂದೂವರೆ ಅಡಿಯಿಂದ ಎರಡು ಅಡಿಗೆ ಏರಿತು, ಸಲೀಸಾಗಿ ಓದುವ ದೂರ 55 ಮೀಟರಿನಿಂದ 73ಕ್ಕೆ ಹೋಯಿತು. ಓದುವವರಿಗೆ ಇನ್ನೊಂದು ಸೆಕೆಂಡು ಸಿಕ್ಕಿತು. ಓದುವ ಕ್ರಮದಲ್ಲೂ ಲಾಭ ಆಯಿತು: ‘ಬಾವಿ ನೀರು ಸಿಹಿ’ ಎಂದರೆ ‘ಆಯ್ತು, ಅದರಲ್ಲೇನು’ ಅನ್ನಿಸುತ್ತದೆ, ‘ಮೇ ತಿಂಗಳಲ್ಲೂ’ ಎಂದಾಗ ತಲೆ ಆ ಕಡೆ ತಿರುಗುತ್ತದೆ. ಕೆಳಸಾಲು ತಪ್ಪಿ ಹೋದರೂ ಮೇಲಿನದು ತಾನಾಗಿ ನಿಲ್ಲುತ್ತದೆ.

ಆದರೆ ಮಾರುತ್ತಿರುವುದು ಏನು? ಬಾವಿಯೇ, ನೀರಿನ ಬಾಟಲಿಯೇ? ಸಾಲಿನ ಗುಂಗಿನಲ್ಲಿ ನಾನೇ ಇದನ್ನು ಮರೆತಿದ್ದೆ. ಫಲಕದ ಬಲ ಮೂಲೆಯಲ್ಲಿ ‘ಸೈಟು’ ಎಂಬ ಒಂದು ಪದ, ಪಕ್ಕದಲ್ಲಿ ಎಡಕ್ಕೆ ತೋರಿಸುವ ದಪ್ಪ ಬಾಣ ಬಂತು. ಒಟ್ಟು ಆರು ಪದ.

ಫೋನ್ ನಂಬರ್ ವಿಷಯದಲ್ಲಿ ಜಗಳ ಆಗುತ್ತದೆ, ಸಿದ್ಧರಾಗಿರಿ. ಹತ್ತು ಅಂಕಿಯನ್ನು ಓಡುವ ಗಾಡಿಯಿಂದ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಜಾಗ 600 ಮೀಟರ್ ಒಳಗಿರುವಾಗ ನಂಬರಿಗಿಂತ ಬಾಣ ಸಾವಿರ ಪಾಲು ಉಪಯೋಗಿ. ನಂಬರನ್ನು ಕೆಳಗಿನ ಪಟ್ಟಿಗೆ, ನೋಂದಣಿ ಸಂಖ್ಯೆಯ ಪಕ್ಕಕ್ಕೆ ಹಾಕಿ. ಇನ್ನೊಂದು ಜಗಳ ಖಾಲಿ ಜಾಗದ್ದು. "ಇಷ್ಟು ದುಡ್ಡು ಕೊಟ್ಟು ಬಿಳಿ ಬಿಡೂದಾ? ಅಲ್ಲೊಂದು ಈಜುಕೊಳದ ಫೋಟೋ ಹಾಕಿ" ಎಂದು ಇವರೂ ಹೇಳಿದರು. ಲೇಔಟಿನಲ್ಲಿ ಈಜುಕೊಳ ಇರಲಿಲ್ಲ.

ಹಂತ 5: ಸಾಲು ಸುಳ್ಳಾಗುವುದು ಎಲ್ಲಿ ಎಂದು ಹುಡುಕಿ

ರೇರಾ ಕಾಯ್ದೆಯ 12ನೇ ಕಲಂ ನಿಮ್ಮ ಸಾಲಿಗೂ ಸಂಬಂಧಿಸಿದ್ದು. ಜಾಹೀರಾತಿನ ಸುಳ್ಳು ಮಾತು ನಂಬಿ ದುಡ್ಡು ಕೊಟ್ಟು ನಷ್ಟಪಟ್ಟವರಿಗೆ ಪ್ರವರ್ತಕರು ಪರಿಹಾರ ಕೊಡಬೇಕು, ಕೊಂಡವರು ಬೇಡವೆಂದರೆ ಬಡ್ಡಿ ಸಮೇತ ದುಡ್ಡು ವಾಪಸ್ ಮಾಡಬೇಕು. ಪ್ರವರ್ತಕರು ಎಂದರೆ ಲೇಔಟ್ ಮಾಡಿದವರು. ಫಲಕದ ಫೋಟೋ ತೆಗೆದಿಟ್ಟುಕೊಂಡವರು ಇದ್ದೇ ಇರುತ್ತಾರೆ.

ನಮ್ಮ ಸಾಲಿನಲ್ಲಿ ಎರಡು ಕಡೆ ಕಾಲು ಜಾರಬಹುದಿತ್ತು. ಮೊದಲನೆಯದು, ನೀರು ನಿಜಕ್ಕೂ ಸಿಹಿಯೇ? ಮಾಲೀಕರ ನಾಲಿಗೆ ಸಾಕ್ಷಿಯಾಗುವುದಿಲ್ಲ. ಅವರ ಬಳಿ ನವೆಂಬರಿನ ಪರೀಕ್ಷಾ ವರದಿ ಒಂದಿತ್ತು. ಮಳೆ ಮುಗಿದ ಬೆನ್ನಿಗೆ ಎಲ್ಲಾ ಬಾವಿಯೂ ಸಿಹಿ, ಆ ವರದಿಯಿಂದ ಪ್ರಯೋಜನವಿಲ್ಲ. ಮೇ ಎರಡನೇ ವಾರದಲ್ಲಿ ನೀರು ತೆಗೆಸಿ ಪ್ರಯೋಗಾಲಯಕ್ಕೆ ಕಳಿಸಿದೆವು. ಇಲ್ಲಿ ನೋಡಬೇಕಾದದ್ದು ಕ್ಲೋರೈಡ್, ಅಂದರೆ ಉಪ್ಪಿನ ಅಂಶ. ಕುಡಿಯುವ ನೀರಿನ ಭಾರತೀಯ ಮಾನದಂಡ ಐ.ಎಸ್. 10500 ಪ್ರಕಾರ ಅದು ಲೀಟರಿಗೆ 250 ಮಿಲಿಗ್ರಾಂ ಒಳಗೆ ಇರಬೇಕು. ವರದಿ ಅದರೊಳಗೇ ಬಂತು. ಅದು ಕೈಗೆ ಬರುವ ತನಕ ಸಾಲನ್ನು ಪ್ರಿಂಟಿಗೆ ಕಳಿಸಲಿಲ್ಲ.

ಎರಡನೆಯದು ಹೆಚ್ಚು ಸೂಕ್ಷ್ಮ. ಬಾವಿ ಒಂದೇ, ಸೈಟು 42. ‘ಬಾವಿ ನೀರು ಸಿಹಿ’ ಎಂದು ಓದಿ ಬಂದವರು ತಮ್ಮ ಸೈಟಿಗೆ ಆ ನೀರು ಬರುತ್ತದೆ ಎಂದೇ ತಿಳಿಯುತ್ತಾರೆ, ತಿಳಿದರೆ ತಪ್ಪೂ ಅಲ್ಲ. ಪೈಪು ಎಳೆದು ಎಲ್ಲಾ ಸೈಟಿಗೂ ನೀರು ಕೊಡುವುದಾಗಿ ಮಾರಾಟದ ಕರಾರಿನಲ್ಲಿ ಬರೆಯಲು ಮಾಲೀಕರು ಒಪ್ಪಿದರು. ಒಪ್ಪದಿದ್ದರೆ ಸಾಲು ಬಿಡಬೇಕಾಗುತ್ತಿತ್ತು.

ಬೇರೆ ಲೇಔಟುಗಳ ಫಲಕಗಳಲ್ಲಿ ನಾನು ಹೆಚ್ಚಾಗಿ ನೋಡುವ ಜಾರುವ ಜಾಗಗಳು ಇವು:

- ಬರಲಿರುವ ಸೌಕರ್ಯ. ಅಂಕೋಲಾದ ವಿಮಾನ ನಿಲ್ದಾಣ, ಹುಬ್ಬಳ್ಳಿ–ಅಂಕೋಲಾ ರೈಲು ಇವುಗಳ ಹೆಸರಿನಲ್ಲಿ ಸೈಟು ಮಾರುವುದು. ಆ ರೈಲಿನ ಮಾತು ಕೇಳುತ್ತಲೇ ಒಂದು ತಲೆಮಾರು ದೊಡ್ಡದಾಗಿದೆ. ನಿಮ್ಮ ಕೈಯಲ್ಲಿಲ್ಲದ್ದನ್ನು ನಿಮ್ಮ ಫಲಕದ ಮೇಲೆ ಹಾಕಬೇಡಿ.
- ನಿಮಿಷದ ಲೆಕ್ಕ. ‘ಸ್ಟೇಷನ್‌ಗೆ 5 ನಿಮಿಷ’ ಎಂದರೆ ಯಾರ ಗಾಡಿಯಲ್ಲಿ, ಯಾವ ಹೊತ್ತಿನಲ್ಲಿ? ಗೇಟು ಬಿದ್ದಿದ್ದರೆ? ಕಿಲೋಮೀಟರ್ ಬರೆಯಿರಿ, ಅದನ್ನು ಲೇಔಟಿನ ಬಾಗಿಲಿನಿಂದ ರಸ್ತೆಯ ಮೇಲೆಯೇ ಅಳೆಯಿರಿ, ನಕ್ಷೆಯ ಮೇಲೆ ಗೆರೆ ಎಳೆದಲ್ಲ.
- ಕಡಲು ಕಾಣುತ್ತದೆ ಎಂಬ ಮಾತು. ಯಾವ ಸೈಟಿನಿಂದ, ನೆಲದಿಂದಲೋ ತಾರಸಿಯಿಂದಲೋ? ತೀರಕ್ಕೆ ತೀರಾ ಹತ್ತಿರ ಇದ್ದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿ.ಆರ್.ಝಡ್.ನ ಕಟ್ಟುಪಾಡು ಬರುತ್ತದೆ. ಅಲ್ಲಿ ಮನೆ ಕಟ್ಟಲು ಅನುಮತಿ ಸಿಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.
- ನಕ್ಷತ್ರ ಚಿಹ್ನೆ. ಸಾಲಿನ ತಲೆಯ ಮೇಲೆ ಒಂದು ನಕ್ಷತ್ರ, ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಷರತ್ತು ಅನ್ವಯ’. ನಕ್ಷತ್ರ ಬೇಕಾಯಿತು ಎಂದರೆ ಸಾಲು ಪೂರ್ತಿ ನಿಜ ಅಲ್ಲ ಎಂದೇ ಅರ್ಥ. ಬೇರೆ ಸಾಲು ಬರೆಯಿರಿ.

ಹಂತ 6: ಗೋಡೆಗೆ ಅಂಟಿಸಿ ನೋಡಿ

ಕಂಪ್ಯೂಟರ್ ತೆರೆಯ ಮೇಲೆ ಎಲ್ಲ ಸಾಲೂ ಚೆಂದ ಕಾಣುತ್ತದೆ. ಫಲಕದ ವಿನ್ಯಾಸವನ್ನು ಎ4 ಹಾಳೆಯ ಮೇಲೆ ಸರಿಯಾಗಿ 20 ಸೆಂ.ಮೀ. ಅಗಲಕ್ಕೆ ಪ್ರಿಂಟ್ ತೆಗೆಯಿರಿ. ಫಲಕ 20 ಅಡಿ ಇರುವುದರಿಂದ ಒಂದು ಅಡಿಗೆ ಒಂದು ಸೆಂ.ಮೀ. ಆಯಿತು. ದೂರಕ್ಕೂ ಅದೇ ಲೆಕ್ಕ. 180 ಅಡಿಯಿಂದ ಹೇಗೆ ಕಾಣುತ್ತದೆ ಎಂದು ನೋಡಲು 180 ಸೆಂ.ಮೀ. ದೂರ ನಿಲ್ಲಿ. ತಿರುವಿನಿಂದ, ಅಂದರೆ 120 ಮೀಟರ್ ಅಥವಾ 394 ಅಡಿಯಿಂದ ನೋಡಬೇಕಾದರೆ ನಾಲ್ಕು ಮೀಟರ್ ಹಿಂದೆ ಸರಿಯಿರಿ.

ನೀವು ನೋಡಿ ಪ್ರಯೋಜನವಿಲ್ಲ, ನಿಮಗೆ ಸಾಲು ಬಾಯಿಪಾಠ. ಅಂಗಡಿಗೆ ಬಂದ ಯಾರನ್ನಾದರೂ ನಿಲ್ಲಿಸಿ, ಹಾಳೆಯನ್ನು ಮೂರು ಸೆಕೆಂಡು ತೋರಿಸಿ, ಮುಚ್ಚಿ, ‘ಏನಿತ್ತು?’ ಎಂದು ಕೇಳಿ. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ನಾನು ಐದು ಜನರಿಗೆ ತೋರಿಸಿದೆ. ನಾಲ್ವರು ಸಾಲನ್ನು ಹೇಳಿದರು. ಐದನೆಯವರು, ಮೀನು ಮಾರಿ ಹಿಂದಿರುಗುತ್ತಿದ್ದ ಒಬ್ಬ ಹೆಂಗಸು, ಸಾಲು ಹೇಳುವ ಬದಲು "ಯಾವ ಬಾವಿ ಅದು?" ಎಂದು ಕೇಳಿದರು. ನನಗೆ ಬೇಕಾಗಿದ್ದೂ ಅದೇ.

ಹಂತ 7: ಪ್ರಿಂಟಿಗೆ ಹೋಗುವ ಮೊದಲು

ಮೊಬೈಲಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಅಕ್ಷರ ಅಂಗಡಿಯ ಹಳೆಯ ಸಾಫ್ಟ್‌ವೇರಿಗೆ ಹೋದಾಗ ಒತ್ತು ಬೇರೆಯಾಗಿ ಪಕ್ಕಕ್ಕೆ ಕೂರುವುದುಂಟು, ‘ಲ್ಲೂ’ ಎಂಬುದು ‘ಲ್‌ಲೂ’ ಆಗುತ್ತದೆ. ಅಂಗಡಿಯವರು ನುಡಿಯ ಹಳೆಯ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಿದರೆ ಬೇರೆ ಥರದ ತಪ್ಪು ನುಸುಳುತ್ತದೆ. ಅವರು ಕಳಿಸುವ ಕರಡನ್ನು ನಿಮ್ಮ ಮೂಲದ ಪಕ್ಕ ಇಟ್ಟು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ, ಕೊನೆಯಿಂದ ಹಿಂದಕ್ಕೆ ಓದಿದರೆ ಇನ್ನೂ ಒಳ್ಳೆಯದು. ನೋಂದಣಿ ಸಂಖ್ಯೆಯನ್ನಂತೂ ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ನೋಡಿ ತಾಳೆ ಹಾಕಬೇಕು. ಬಿಳಿ ಮೇಲೆ ಕಡು ನೀಲಿ ಅಥವಾ ಕಪ್ಪು, ಹಳದಿ ಮೇಲೆ ಕಪ್ಪು ಸಾಕು. ಹಸಿರು ನೆಲದ ಮೇಲೆ ಅಕ್ಷರ ಬೇಡ, ಸುತ್ತ ಇರುವುದೆಲ್ಲ ಹಸಿರೇ.

ಹಂತ 8: ಸಾಲಿಗೂ ಕಾಲ ಇದೆ

ಈ ಸಾಲು ಮೇ ಕೊನೆಗೆ ಏರಿತು. ಮುಂಬೈ, ಬೆಂಗಳೂರಿನಿಂದ ರಜೆಗೆ ಬಂದವರು ಇನ್ನೂ ಊರಲ್ಲಿದ್ದರು, ಮನೆಮನೆಯಲ್ಲಿ ನೀರಿನ ಮಾತೇ ನಡೆದಿತ್ತು. ಮಳೆ ಹಿಡಿದ ಮೇಲೆ ಅದೇ ಸಾಲಿಗೆ ಅರ್ಥ ಉಳಿಯುವುದಿಲ್ಲ. ಅಂಗಳದಲ್ಲಿ ಮೊಣಕಾಲುದ್ದ ನೀರು ಇರುವಾಗ ಬಾವಿಯ ಬಗ್ಗೆ ಯಾರು ಯೋಚಿಸುತ್ತಾರೆ?

ಮಳೆಗಾಲದಲ್ಲಿ ಸೈಟು ನೋಡಲು ಬರುವವರ ಚಿಂತೆ ರಸ್ತೆಯದು. ಅದಕ್ಕೆ ‘ಜುಲೈನಲ್ಲೂ ಕಾರು ಅಂಗಳದವರೆಗೆ’ ಎಂದು ಮೂರು ಪದ, 13 ಅಕ್ಷರದ ಸಾಲು ಸಿದ್ಧ ಮಾಡಿದ್ದೆ. ಮಾಲೀಕರಿಗೆ ಬಹಳ ಹಿಡಿಸಿತು. ಜೂನ್ ಮೊದಲ ವಾರ ಬೈಕಿನಲ್ಲಿ ಹೋಗಿ ನೋಡಿದರೆ ಕೊನೆಯ ಎರಡು ಸಾಲಿನ ಸೈಟುಗಳ ಮುಂದೆ ಜಲ್ಲಿ ಹಾಸಿತ್ತಷ್ಟೆ, ಡಾಂಬರು ಬಿದ್ದಿರಲಿಲ್ಲ, ನನ್ನ ಬೈಕೇ ಅರ್ಧ ಚಕ್ರ ಹೂತುಕೊಂಡಿತು. ಆ ಸಾಲು ಹಾಕಲಿಲ್ಲ. ಆ ಮಳೆಗಾಲವಿಡೀ ಫಲಕದ ಮೇಲೆ ಇದ್ದದ್ದು ‘ಸೈಟು’, ಎಡಕ್ಕೊಂದು ಬಾಣ, ಕೆಳಗೆ ನೋಂದಣಿ ಸಂಖ್ಯೆ. ಬಾವಿಯ ಸಾಲು ಮುಂದಿನ ಮಾರ್ಚ್‌ನಲ್ಲಿ ಮತ್ತೆ ಏರಿತು.